ರಿಡ್ಜ್ ಅಥವಾ ಲ್ಯಾಸೊ: ಯಾವುದನ್ನು ಆರಿಸಬೇಕು?

ವಿಜಯಪುರದ 40 ದ್ರಾಕ್ಷಿ ತೋಟಗಳ ಇಳುವರಿ ಊಹಿಸಲು 30 ಅಂಕಣಗಳ ದತ್ತಾಂಶವಿದೆ ಎಂದುಕೊಳ್ಳಿ. ಸಾದಾ ರೇಖೀಯ ಮಾದರಿಯ ದೋಷ ತರಬೇತಿಯಲ್ಲಿ ಎಕರೆಗೆ ಅರ್ಧ ಟನ್, ಹೊಸ ತೋಟಗಳಲ್ಲಿ ಮೂರು ಟನ್ ಬಂದರೆ ಅದೇ ಓವರ್‌ಫಿಟಿಂಗ್. ಮಾದರಿ ಉರು ಹೊಡೆದಿದೆ. ಇದನ್ನು ತಡೆಯಲು ಪ್ರತಿ ಅಂಕಣಕ್ಕೆ ಮಾದರಿ ಕೊಡುವ ತೂಕ, ಅಂದರೆ ಗುಣಾಂಕ, ದೊಡ್ಡದಾದಷ್ಟೂ ದಂಡ ಹಾಕುವ ಎರಡು ವಿಧಾನಗಳೇ ರಿಡ್ಜ್ ಮತ್ತು ಲ್ಯಾಸೊ.

ಲ್ಯಾಸೊ ಹೆಚ್ಚು ಉಪಯೋಗವಿಲ್ಲದ ಅಂಕಣಗಳ ಗುಣಾಂಕವನ್ನು ಸೊನ್ನೆಗೇ ಇಳಿಸುತ್ತದೆ. ರಿಡ್ಜ್ ಎಲ್ಲವನ್ನೂ ಕುಗ್ಗಿಸುತ್ತದೆ, ಅಳಿಸುವುದಿಲ್ಲ. ಮಳೆ ಮತ್ತು ತೇವಾಂಶ ಜೊತೆಯಾಗಿಯೇ ಏರಿಳಿದರೆ ಲ್ಯಾಸೊ ಸಾಮಾನ್ಯವಾಗಿ ಒಂದನ್ನು ಕೈಬಿಡುತ್ತದೆ. ಐದು ಭಾಗಗಳ ಕ್ರಾಸ್ ವ್ಯಾಲಿಡೇಶನ್ ಎಂದರೆ ಪ್ರತಿ ಸುತ್ತಿನಲ್ಲಿ ಒಂದು ಭಾಗವನ್ನು ಪರೀಕ್ಷೆಗೆ ಎತ್ತಿಟ್ಟು ಉಳಿದ ನಾಲ್ಕರಲ್ಲಿ ತರಬೇತಿ ಕೊಡುವುದು. ಅದರಲ್ಲಿ ಒಂದು ಸುತ್ತಿಗೆ ಮಳೆ, ಇನ್ನೊಂದಕ್ಕೆ ತೇವಾಂಶ ಉಳಿಯುವುದು ಕಂಡರೆ ನನ್ನ ಮತ ರಿಡ್ಜ್‌ಗೆ. ನಿಜಕ್ಕೂ ನಾಲ್ಕೈದು ಅಂಕಣಗಳೇ ಮುಖ್ಯವೆನಿಸಿದರೆ ಲ್ಯಾಸೊ ಸರಿ.

ದಂಡದ ಪ್ರಮಾಣ λ ಎರಡಕ್ಕೂ ಬೇಕು. ಐದು ಸುತ್ತುಗಳ ಸರಾಸರಿ ದೋಷ ಕನಿಷ್ಠವಾಗುವ ಬೆಲೆಯನ್ನು ಹಿಡಿಯಿರಿ. ಅಂಕಣಗಳನ್ನು ಒಂದೇ ಅಳತೆಗೆ ತರುವ ಲೆಕ್ಕ ಆಯಾ ಸುತ್ತಿನ ತರಬೇತಿ ಭಾಗದಿಂದಲೇ ಬರಬೇಕು. ಇಲ್ಲವಾದರೆ ಪರೀಕ್ಷಾ ಭಾಗದ ಸುಳಿವು ಮೊದಲೇ ಸೋರುತ್ತದೆ.