82MS ಅಂತ ಬರೆದಿದ್ದ ಮಾತ್ರಕ್ಕೆ ಕ್ಯಾಲ್ಕುಲೇಟರ್ ಪರೀಕ್ಷೆಗೆ ನಡೆಯಲ್ಲ, ನೋಡಿ ತಗೊಳ್ಳಿ

ಮನೆಯಲ್ಲಿ ಐಎಸ್‌ಸಿ ಬರೆಯುವ ಮಕ್ಕಳಿದ್ದರೆ ಇದನ್ನು ಓದಿ. ಐಸಿಎಸ್‌ಇ ಬರೆಯುವವರಿದ್ದರೆ ಕೆಳಗಿನ ಕಂಪಾಸಿನ ಕಥೆಯನ್ನಾದರೂ ಓದಿ.

ನನ್ನ ನಾದಿನಿಯ ಮಗಳು ಹನ್ನೆರಡನೇ ಕ್ಲಾಸು, ಐಎಸ್‌ಸಿ. ಜನವರಿಯ ಪ್ರಿಲಿಮ್ಸ್‌ಗೆ ಮೊದಲು ಅವಳ ಹಳೆಯ ಕ್ಯಾಲ್ಕುಲೇಟರ್ ಕೈಕೊಟ್ಟಿತು. ಆಗ ನಮ್ಮಲ್ಲಿ ಕಾಫಿ ಕುಯ್ಲು, ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಕುಶಾಲನಗರಕ್ಕೆ ಬೇರೆ ಕೆಲಸಕ್ಕೆ ಹೋಗಿದ್ದ ನಾನೇ ಒಂದು ಸ್ಟೇಷನರಿ ಅಂಗಡಿಗೆ ಹೋಗಿ, ಐಎಸ್‌ಸಿ ಪರೀಕ್ಷೆಗೆ ಬೇಕು, ಕ್ಯಾಸಿಯೋ fx-82MS ಕೊಡಿ ಅಂತ ಕೇಳಿದೆ. ಬಾಯಿ ಬಿಟ್ಟು ಹೀಗೇ ಕೇಳಿದ್ದೇನೆ. ಅವರು ಒಂದು ಡಬ್ಬ ತೆಗೆದು ಮುಂದಿಟ್ಟರು. ಮೇಲೆ ದಪ್ಪಕ್ಷರದಲ್ಲಿ 82MS ಅಂತ ಇದೆ, ಕೆಳಗೆ 240 ಫಂಕ್ಷನ್ ಅಂತ ಇದೆ, ಗುಂಡಿಗಳ ಜೋಡಣೆ, ಬಣ್ಣ, ಜಾರುವ ಮುಚ್ಚಳ ಎಲ್ಲಾ ಅದೇ ಥರ. ಕಂಪನಿ ಹೆಸರು ಮಾತ್ರ ಬೇರೆ. ಇದು ಕ್ಯಾಸಿಯೋ ಅಲ್ವಲ್ಲಾ ಅಂದರೆ, "ಎಲ್ಲಾ ಒಂದೇ ಅಕ್ಕ, ಒಳಗಿರೋದು ಅದೇ, ಎಲ್ಲಾ ಪರೀಕ್ಷೆಗೂ ನಡೆಯುತ್ತೆ, ಎಲ್ಲಾ ಸ್ಕೂಲಿನವರೂ ಇದನ್ನೇ ತಗೊಂಡು ಹೋಗ್ತಾರೆ" ಅಂದರು. ಬೆಲೆಯೂ ಅಸಲಿಯ ಅರ್ಧಕ್ಕಿಂತ ಕಡಿಮೆ.

ಪ್ರಿಲಿಮ್ಸ್ ಗಣಿತದ ದಿನ ಕೋಣೆಯ ಮೇಲ್ವಿಚಾರಕರು ಪ್ರತಿ ಡೆಸ್ಕಿಗೂ ಬಂದು ಕ್ಯಾಲ್ಕುಲೇಟರಿನ ಮುಖ ನೋಡಿದರಂತೆ. ಇವಳದ್ದನ್ನು ಎತ್ತಿಕೊಂಡು ಮೇಜಿನ ಮೇಲಿಟ್ಟರು. ಮೂರು ಗಂಟೆಯ ಪೇಪರನ್ನು ಮಗು ಟೇಬಲ್ ಪುಸ್ತಕ ನೋಡಿಕೊಂಡು ಬರೆದಳು. ಮೇಲ್ವಿಚಾರಕರದ್ದು ಏನೂ ತಪ್ಪಿಲ್ಲ ಬಿಡಿ. ಬೋರ್ಡ್ ಪರೀಕ್ಷೆಯಲ್ಲಿ ಆಗುವ ಬದಲು ಪ್ರಿಲಿಮ್ಸ್‌ನಲ್ಲೇ ಆಯಿತಲ್ಲಾ ಅಂತ ಸಮಾಧಾನ. ಅಂಗಡಿಗೆ ವಾಪಸ್ ತೆಗೆದುಕೊಂಡು ಹೋದರೆ, ಡಬ್ಬ ಒಡೆದಿದೆ, ಹಿಂದಕ್ಕೆ ತಗೊಳ್ಳಲ್ಲ ಅಂದರು. ಎಲ್ಲಾ ಪರೀಕ್ಷೆಗೂ ನಡೆಯುತ್ತೆ ಅಂದಿದ್ದು ಯಾರು ಅಂತ ಕೇಳಿದರೆ ಉತ್ತರವಿಲ್ಲ.

ವಿಷಯ ಏನೆಂದರೆ, ಐಎಸ್‌ಸಿಯವರು "ಸೈಂಟಿಫಿಕ್ ಕ್ಯಾಲ್ಕುಲೇಟರ್ ತನ್ನಿ" ಅಂತ ಸುಮ್ನೆ ಹೇಳುವುದಿಲ್ಲ. ಮಾದರಿಯ ಹೆಸರನ್ನೇ ಹೇಳುತ್ತಾರೆ: ಕ್ಯಾಸಿಯೋ fx-82MS. ಹಾಗಾಗಿ ಬೇರೆ ಕಂಪನಿಯ 82MS ನಡೆಯಲ್ಲ. ಅದೇ ಕ್ಯಾಸಿಯೋದ್ದೇ ಆದ 991 ಕೂಡ ನಡೆಯಲ್ಲ, ಇಲ್ಲೂ ಜಾಸ್ತಿ ಜನ ಬೀಳುತ್ತಾರೆ. ಅಣ್ಣ ಇಂಜಿನಿಯರಿಂಗ್ ಓದುವಾಗ ಬಳಸಿದ fx-991MS ಮನೆಯಲ್ಲಿರುತ್ತದೆ, ಇನ್ನೂ ಒಳ್ಳೆಯದು ಅಲ್ವಾ ಅಂತ ಅದನ್ನೇ ಕೊಟ್ಟು ಕಳಿಸುತ್ತಾರೆ. ಒಳ್ಳೆಯದೇ, ಅದೇ ತೊಂದರೆ. 991ಕ್ಕೆ ನಿಶ್ಚಿತ ಅನುಕಲನದ ಉತ್ತರ ಗೊತ್ತು, ಮ್ಯಾಟ್ರಿಕ್ಸ್ ಗೊತ್ತು, ಮೂರು ಅವ್ಯಕ್ತಗಳ ಸಮೀಕರಣ ಬಿಡಿಸುತ್ತದೆ. ಹನ್ನೆರಡನೇ ಕ್ಲಾಸಿನ ಪೇಪರಿನಲ್ಲಿ ಕೇಳುವುದೇ ಇವನ್ನು. 82MSಗೆ ಇದ್ಯಾವುದೂ ಬರುವುದಿಲ್ಲ. ಲಾಗ್, ಸೈನ್, ಮೂಲ, ಘಾತ, ಸರಾಸರಿ, ಇಷ್ಟು ಲೆಕ್ಕ ಹಾಕುತ್ತದೆ ಅಷ್ಟೇ. ನೋಡಿದ ಕೂಡಲೇ ಗೊತ್ತಾಗಬೇಕಾದರೆ `MODE` ಒತ್ತಿ. 82MSನಲ್ಲಿ ಮೊದಲು `COMP`, `SD`, `REG` ಅಂತ ಮೂರೇ ಬರುತ್ತವೆ. `EQN`, `MAT` ಅಂತೆಲ್ಲಾ ಕಂಡರೆ ಅದು ಬೇರೆ ಮಾದರಿ.

ಬೇರೆ ಬೋರ್ಡಿನವರು ಇದನ್ನು ನೋಡಿ ಅಂಗಡಿಗೆ ಓಡಬೇಡಿ. ಎಸ್‌ಎಸ್‌ಎಲ್‌ಸಿಗೆ ಕ್ಯಾಲ್ಕುಲೇಟರ್ ಒಳಗೆ ಬಿಡುವುದೇ ಇಲ್ಲ. ಐಸಿಎಸ್‌ಇ ಹತ್ತರ ಗಣಿತಕ್ಕೂ ಇಲ್ಲ, ಅಲ್ಲಿ ಟೇಬಲ್ ಪುಸ್ತಕ. ನೀಟ್, ಜೆಇಇ ಮೇನ್, ಸಿಇಟಿಗೂ ಇಲ್ಲ. ದ್ವಿತೀಯ ಪಿಯು ಸಂಖ್ಯಾಶಾಸ್ತ್ರದಲ್ಲಿ ಮಾತ್ರ ಸೈಂಟಿಫಿಕ್ ಬಳಸಬಹುದು ಅಂತ ಪ್ರಶ್ನೆಪತ್ರಿಕೆಯ ಸೂಚನೆಯಲ್ಲೇ ಇರುತ್ತದೆ. ಹತ್ತನೇ ಕ್ಲಾಸಿನ ಹುಡುಗನಿಗೆ ಪರೀಕ್ಷೆಗೆ ಅಂತ ಸೈಂಟಿಫಿಕ್ ಮಾರುವ ಅಂಗಡಿಯವರೂ ಇದ್ದಾರೆ, ಅದು ಶುದ್ಧ ದುಡ್ಡು ಕೀಳುವ ಕೆಲಸ.

ಈಗ ಆ ನಕಲಿ ಮಾದರಿಯ ಬಗ್ಗೆ. ನಡೆಯಲ್ಲ ಅನ್ನುವುದು ಒಂದು, ಅದು ಬಾಳಿಕೆಯೂ ಬರಲಿಲ್ಲ ಅನ್ನುವುದು ಇನ್ನೊಂದು. ಗುಂಡಿಗಳ ಕೆಳಗೆ ಒಂದು ರಬ್ಬರ್ ಹಾಸು ಇರುತ್ತದೆ, ಒತ್ತಿದಾಗ ಅದರಡಿಯ ಕಪ್ಪು ಇಂಗಾಲದ ಚುಕ್ಕೆ ಬೋರ್ಡಿಗೆ ತಾಗಿ ಅಂಕೆ ಮೂಡುತ್ತದೆ. ಆ ತಾಗುವಿಕೆ ಸರಿಯಿಲ್ಲದಿದ್ದರೆ 7 ಒತ್ತಿದರೆ 77 ಬರುತ್ತದೆ, ಇಲ್ಲಾ ಏನೂ ಬರುವುದಿಲ್ಲ. ಇದರಲ್ಲಿ ಎರಡೂ ಆಗುತ್ತಿತ್ತು. ಪರೀಕ್ಷೆಯ ಗಡಿಬಿಡಿಯಲ್ಲಿ ಒಂದು ಅಂಕೆ ಜಾಸ್ತಿ ಬಿದ್ದದ್ದು ಯಾರ ಕಣ್ಣಿಗೆ ಬೀಳುತ್ತದೆ ಹೇಳಿ?

ಅಂಗಡಿಯಲ್ಲೇ ನಿಂತು ನೋಡುವ ಲೆಕ್ಕ ಒಂದಿದೆ. 12345679 × 9 ಒತ್ತಿ, ಗಮನಿಸಿ, ಎಂಟು ಬಿಟ್ಟು ಒತ್ತಬೇಕು. 111111111 ಬರಬೇಕು. ಒಂದು ಗುಂಡಿ ತಪ್ಪಿದರೂ ಒಂದರ ಸಾಲು ಕೆಡುತ್ತದೆ. ಉಳಿದ ಎಂಟು ಮತ್ತು ಸೊನ್ನೆಗೆ 80 × 125, ಉತ್ತರ 10000. ಆಮೇಲೆ `sin` 30. 0.5 ಬಂದರೆ ಡಿಗ್ರಿಯಲ್ಲಿದೆ. −0.988 ಬಂದರೆ ರೇಡಿಯನ್, 0.4539 ಬಂದರೆ ಗ್ರೇಡಿಯನ್. ಇದು ಕೆಟ್ಟಿರುವುದಲ್ಲ, ಯಾರೋ ಮೋಡ್ ಬದಲಿಸಿರುವುದು. `SHIFT` `CLR` `3` `=` ಒತ್ತಿದರೆ ಎಲ್ಲಾ ಮೊದಲಿನ ಹಾಗೆ ಆಗುತ್ತದೆ, ಪರದೆಯ ಮೇಲೆ ಸಣ್ಣ `D` ಕಾಣಬೇಕು. ಪರೀಕ್ಷೆಯ ಹಿಂದಿನ ರಾತ್ರಿಯೂ ಇದನ್ನು ಮಾಡಿಸಿ, ಯಾಕೆಂದರೆ ಅಭ್ಯಾಸದಲ್ಲಿ ಎರಡು ದಶಮಾಂಶಕ್ಕೆ `Fix` ಮಾಡಿಟ್ಟು ಮರೆತಿರುತ್ತಾರೆ.

ನಮ್ಮೂರಿನವರಿಗೆ ಇನ್ನೊಂದು ಮಾತು. 82MSಗೆ ಪೆನ್ಸಿಲ್ ಸೆಲ್. ಮಳೆಗಾಲದಲ್ಲಿ ಅದನ್ನು ಒಳಗೇ ಬಿಟ್ಟು ತಿಂಗಳುಗಟ್ಟಲೆ ಮರೆತರೆ ಸೆಲ್ ಸೋರಿ ಸ್ಪ್ರಿಂಗಿನ ಮೇಲೆ ಬಿಳಿ ಇಲ್ಲಾ ಹಸಿರು ಪುಡಿ ಕಟ್ಟುತ್ತದೆ. ಹಳೆಯದಕ್ಕೆ ಆಗಿದ್ದೂ ಅದೇ. ಬಳಸದಿದ್ದಾಗ ಸೆಲ್ ತೆಗೆದಿಡಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಹಿಂದಿನ ಮುಚ್ಚಳ ತೆಗೆದು ಸ್ಪ್ರಿಂಗ್ ನೋಡದೆ ದುಡ್ಡು ಕೊಡಬೇಡಿ. ಕೊನೆಗೆ ನಾವು ಮೈಸೂರಿನಲ್ಲಿರುವ ನೆಂಟರ ಕೈಲಿ ಅಸಲಿ ತರಿಸಿದೆವು.

ಇನ್ನು ಕಂಪಾಸು. ಅದೇ ಅಂಗಡಿ, ಅದೇ ಬಿಲ್ಲು. ಆ ಹುಡುಗಿಯ ತಮ್ಮ ಹತ್ತನೇ ಕ್ಲಾಸು, ಅವನಿಗೆ ಒಂದು ಜಾಮಿಟ್ರಿ ಬಾಕ್ಸ್. ಹೊರಗೆ ಚಂದದ ತಗಡಿನ ಡಬ್ಬ, ಒಳಗೆ ಬೆಳ್ಳಿ ಥರ ಹೊಳೆಯುವ ಕಂಪಾಸು. ಐಸಿಎಸ್‌ಇ ಹತ್ತರಲ್ಲಿ ರಚನೆಗಳಿವೆ, ಸ್ಪರ್ಶಕ ಎಳೆಯುವುದು, ತ್ರಿಭುಜದ ಒಳವೃತ್ತ, ನಿಯಮಿತ ಷಡ್ಭುಜ. ಷಡ್ಭುಜದ ಲೆಕ್ಕ ಸುಲಭ: ವೃತ್ತ ಎಳೆದು, ಅದೇ ತ್ರಿಜ್ಯದಲ್ಲಿ ಸುತ್ತಲೂ ಆರು ಗುರುತು ಹಾಕಿದರೆ ಆರನೆಯದು ಸರಿಯಾಗಿ ಶುರು ಮಾಡಿದ ಜಾಗಕ್ಕೇ ಬರಬೇಕು. ಇವನದ್ದು ಬರುತ್ತಿರಲಿಲ್ಲ. ಮೇಷ್ಟ್ರು ನಿನಗೆ ಕೈ ಸರಿಯಿಲ್ಲ ಅಂದರಂತೆ. ಕೈಯಲ್ಲ, ಕಂಪಾಸು ನಿಲ್ಲುತ್ತಿಲ್ಲ.

ನಾನು ಕೂತು ಲೆಕ್ಕ ಹಾಕಿ ನೋಡಿದೆ. 5 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದ ಮೇಲೆ ಕಾಲುಗಳು ಬರೀ ಒಂದು ಮಿಲಿಮೀಟರ್ ಅಗಲವಾದವು ಅಂತ ಇಟ್ಟುಕೊಳ್ಳಿ. ಈಗ ಒಂದೊಂದು ಹೆಜ್ಜೆಯೂ 60 ಡಿಗ್ರಿ ಅಲ್ಲ, 61.3 ಡಿಗ್ರಿ. ಆರು ಹೆಜ್ಜೆಗೆ ಸುಮಾರು 8 ಡಿಗ್ರಿ ಜಾಸ್ತಿ. ವೃತ್ತದ ಮೇಲೆ ಅದು ಹತ್ತಿರ ಹತ್ತಿರ 7 ಮಿಲಿಮೀಟರ್. ಒಂದು ಮಿಲಿಮೀಟರ್ ಜಾರಿದ್ದು ಕೊನೆಗೆ ಏಳಾಗಿ ಕಾಣುತ್ತದೆ. ಕಂಪಾಸ್ ಪರೀಕ್ಷಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಅಂಗಡಿಯಲ್ಲಿ ಒಂದು ಹಾಳೆ ಕೇಳಿ, ಪೆನ್ಸಿಲ್ ಸಿಕ್ಕಿಸಿ, ಷಡ್ಭುಜದ ಗುರುತು ಹಾಕಿ. ಆರನೆಯದು ಕೂಡಿದರೆ ತಗೊಳ್ಳಿ. ಹಾಳೆ ಕೊಡಲ್ಲ ಅನ್ನುವ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ.

ಜಾರುವುದು ಎರಡು ಕಡೆ. ಒಂದು, ಮೇಲಿನ ಕೀಲು. ಅಲ್ಲಿ ಬಿಗಿ ಮಾಡುವ ತಿರುಪು ಇದ್ದರೆ ಸ್ಕ್ರೂಡ್ರೈವರಿನಲ್ಲಿ ಸರಿಮಾಡಬಹುದು, ಅಗ್ಗದ್ದರಲ್ಲಿ ತಿರುಪಿನ ಬದಲು ಬಡಿದು ಕೂರಿಸಿದ ರಿವೆಟ್ ಇರುತ್ತದೆ, ಸಡಿಲವಾದರೆ ಮುಗೀತು. ನಮಗೆ ಸಿಕ್ಕಿದ್ದು ರಿವೆಟ್ಟಿನದ್ದು. ಇನ್ನೊಂದು, ಪೆನ್ಸಿಲ್ ಹಿಡಿಯುವ ಉಂಗುರ. ಅದರ ತಿರುಪು ಕೊನೆವರೆಗೂ ತಿರುಗಿಸಿದರೂ ಪೆನ್ಸಿಲ್ ಅಲ್ಲಾಡಿದರೆ ಬೇಡ.

ತುಕ್ಕು ಬಂದ ಕೀಲಿಗೆ ಎಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಗೇಟಿಗೂ ಬಿಡುತ್ತೇವೆ, ಕೊಡೆಗೂ ಬಿಡುತ್ತೇವೆ. ಕಂಪಾಸಿನ ಕೀಲಿಗೆ ಮಾತ್ರ ಬಿಡಬೇಡಿ. ಆ ಕೀಲಿನ ಬಿಗಿಯೇ ತ್ರಿಜ್ಯವನ್ನು ಹಿಡಿದಿಡುವುದು, ಎಣ್ಣೆ ಬಿದ್ದರೆ ಇನ್ನಷ್ಟು ಜಾರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ತಗಡಿನ ಡಬ್ಬದ ಒಳಗೂ ಬೆವರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದನ್ನು ಒಳಗಿಡಿ. ಪ್ಲಾಸ್ಟಿಕ್ ಡಬ್ಬವಾದರೂ ತೊಂದರೆಯಿಲ್ಲ, ಡಬ್ಬದ ಚಂದಕ್ಕೆ ಯಾರೂ ಅಂಕ ಕೊಡುವುದಿಲ್ಲ.

ಉಳಿದ ಸಾಮಾನಿನಲ್ಲಿ ಮೂಲೆಮಟ್ಟ ಒಂದನ್ನು ನೋಡಿ. ಸ್ಕೇಲಿಗೆ ಒತ್ತಿಟ್ಟು ನೆಟ್ಟಗೆ ಒಂದು ಗೆರೆ ಎಳೆಯಿರಿ, ಮೂಲೆಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಎಳೆಯಿರಿ. ಎರಡೂ ಒಂದೇ ಆಗಬೇಕು. ಕವಲೊಡೆದರೆ 90 ಡಿಗ್ರಿ ಇಲ್ಲ, ಮತ್ತು ಕಾಣುವ ಕವಲು ನಿಜವಾದ ತಪ್ಪಿನ ಎರಡರಷ್ಟು. ನಮ್ಮ ಬಾಕ್ಸಿನದ್ದು ಇದರಲ್ಲಿ ಪಾಸಾಯಿತು, ಸುಳ್ಳು ಹೇಳಬಾರದು.

ಹುಡುಗನಿಗೆ ಈಗ ತಿರುಪು ಇರುವ ಕಂಪಾಸನ್ನು ಬಿಡಿಯಾಗಿ ಮಡಿಕೇರಿಯಲ್ಲಿ ತಂದೆವು, ಡಬ್ಬ ಹಳೆಯದೇ. ಅಂಗಡಿಗೆ ಹೋಗುವವರು ಮಕ್ಕಳ ಶಾಲೆಯಿಂದ ಬಂದ ಪರೀಕ್ಷಾ ಸೂಚನೆಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ಕ್ಯಾಲ್ಕುಲೇಟರಿನ ಮುಖದ ಮೇಲಿರುವ ಹೆಸರನ್ನು ಅದರ ಪಕ್ಕ ಹಿಡಿದು ಅಕ್ಷರ ಅಕ್ಷರ ನೋಡಿ, ಬಿಲ್ಲಿನಲ್ಲೂ ಅದೇ ಮಾದರಿ ಹೆಸರು ಬರೆಸಿ. ನಮ್ಮ ಬಿಲ್ಲಿನಲ್ಲಿ ಬರೀ "ಕ್ಯಾಲ್ಕುಲೇಟರ್ 1" ಅಂತ ಇತ್ತು, ಜಗಳಕ್ಕೆ ನಿಲ್ಲುವುದಕ್ಕೂ ಕೈಯಲ್ಲಿ ಏನೂ ಇರಲಿಲ್ಲ.