ಫೋಟೋದಲ್ಲಿರುವ ಕೋಷ್ಟಕದಿಂದ ಬಹುಲಕ: ಮೂರು ದಾರಿ, ಒಂದೇ ಲೆಕ್ಕ

ಪುಸ್ತಕದ ಪುಟವನ್ನೋ ನೋಟ್ಸನ್ನೋ ಫೋಟೋ ತೆಗೆದು ಕಳಿಸಿ "ಇದರ ಬಹುಲಕ ಎಷ್ಟು?" ಅಂತ ಕೇಳುವವರು ಜಾಸ್ತಿ. ನಾನು ಮೂರು ಥರ ಮಾಡಿ ನೋಡಿದ್ದೇನೆ. ಫೋಟೋದಿಂದ ಅಕ್ಷರ ಎತ್ತಿಕೊಡುವ ಆ್ಯಪ್ ಬಳಸಿ ಅಂಕಿಗಳನ್ನು ಸ್ಪ್ರೆಡ್‌ಶೀಟಿಗೆ ಹಾಕುವುದು ಒಂದು. ಕೈಯಲ್ಲಿ ಬರೆದುಕೊಂಡು ಸೂತ್ರ ಹಾಕುವುದು ಇನ್ನೊಂದು. ಗ್ರಾಫ್ ಹಾಳೆಯಲ್ಲಿ ಹಿಸ್ಟೋಗ್ರಾಮ್ ಎಳೆದು ಓದುವುದು ಮೂರನೆಯದು. ಮೂರಕ್ಕೂ ಒಂದೇ ಕೋಷ್ಟಕ ಕೊಟ್ಟು ನೋಡೋಣ.

ವರ್ಗಾಂತರ ಮತ್ತು ಆವೃತ್ತಿ ಹೀಗಿವೆ: 1–10ಕ್ಕೆ 6, 11–20ಕ್ಕೆ 9, 21–30ಕ್ಕೆ 16, 31–40ಕ್ಕೆ 23, 41–50ಕ್ಕೆ 18, 51–60ಕ್ಕೆ 8. ಕೆಳಗೆ ಒಟ್ಟು 80 ಅಂತ ಬರೆದಿದೆ.

ಮೊದಲು ಆ್ಯಪ್. ಇದು ಬೇಗ ಆಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೋಟೋ ಚೂರು ಮಸುಕಾಗಿದ್ದರೆ, ಪುಟದ ಮಡಿಕೆಯ ನೆರಳು ಬಿದ್ದಿದ್ದರೆ, ತೊಂದರೆ ಶುರು. 18 ಅನ್ನುವುದು 13 ಆಗಿ ಬರುತ್ತದೆ. ಎಂಟರ ಎಡಬದಿ ಮಾಸಿದ್ದರೆ ಅದು ಮೂರೇ ಅಲ್ವಾ? ಜೊತೆಗೆ 1-10 ಅನ್ನುವ ವರ್ಗಾಂತರವನ್ನು ಹಾಗೇ ಅಂಟಿಸಿದರೆ ಸ್ಪ್ರೆಡ್‌ಶೀಟ್ ಅದನ್ನು ದಿನಾಂಕ ಅಂದುಕೊಂಡುಬಿಡುತ್ತದೆ. ಹಾಗಾಗಿ ಕೆಳಮಿತಿಗೆ A, ಮೇಲ್ಮಿತಿಗೆ B, ಆವೃತ್ತಿಗೆ C ಅಂತ ಬೇರೆ ಬೇರೆ ಕಾಲಂ ಮಾಡಿಕೊಳ್ಳಬೇಕು. ಎರಡನೇ ಸಾಲಿನಿಂದ ಅಂಕಿ ತುಂಬಿದರೆ 31–40 ಐದನೇ ಸಾಲಿಗೆ ಬರುತ್ತದೆ. ಆಮೇಲೆ ಇಷ್ಟೇ:

```
=SUM(C2:C7)
=A5-0.5+(C5-C4)/(2*C5-C4-C6)*10
```

ಇದರಲ್ಲಿ ಮೊದಲನೇ ಸಾಲೇ ಮುಖ್ಯ. 18ರ ಜಾಗದಲ್ಲಿ 13 ಕೂತಿದ್ದರೆ ಬಹುಲಕ 34.62 ಅಂತ ಬರುತ್ತದೆ. ಆ ಸಂಖ್ಯೆಯನ್ನು ನೋಡಿದರೆ ಏನೂ ಅನುಮಾನ ಬರುವುದಿಲ್ಲ. 31–40ರ ಒಳಗೇ ಇದೆ, ಸಲೀಸಾಗಿ ಕಾಣುತ್ತದೆ. ಸರಿಯಾದ ಉತ್ತರ 36.33. ತಪ್ಪು ಸಿಕ್ಕಿಬೀಳುವುದು ಒಟ್ಟು 80ರ ಬದಲು 75 ಬಂದಾಗ ಮಾತ್ರ. ಹಾಗಾಗಿ ಫೋಟೋದಲ್ಲಿ ಕೆಳಗಿನ ಒಟ್ಟಿನ ಸಾಲು ಕತ್ತರಿಸಿ ಹೋಗಿದ್ದರೆ ನಾನು ಲೆಕ್ಕಕ್ಕೇ ಕೈ ಹಾಕುವುದಿಲ್ಲ, ಇನ್ನೊಂದು ಫೋಟೋ ಕೇಳುತ್ತೇನೆ.

ಒಟ್ಟಿಗೂ ಸಿಗದ ತಪ್ಪು ಒಂದಿದೆ. ಪುಟ ಬಾಗಿದ್ದಾಗ ಆವೃತ್ತಿಯ ಕಾಲಂ ಒಂದು ಸಾಲು ಮೇಲೆ ಸರಿದಂತೆ ಕಾಣುತ್ತದೆ. 23 ಅನ್ನುವುದು 21–30ರ ಎದುರು ಬಂದು ಕೂರುತ್ತದೆ. ಅಂಕಿಗಳೆಲ್ಲ ಅವೇ, ಒಟ್ಟೂ 80 ಇರಬಹುದು, ಆದರೆ ಉತ್ತರ ಪೂರ್ತಿ 10 ಕಡಿಮೆ. ಆ್ಯಪ್‌ಗೆ ಇದು ಗೊತ್ತಾಗುವುದಿಲ್ಲ. ಮೊದಲನೇ ಮತ್ತು ಕೊನೆಯ ಸಾಲಿನ ಎದುರು ಯಾವ ಅಂಕಿ ಇದೆ ಅಂತ ಕಣ್ಣಿಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಇನ್ನು ಕೈಲೆಕ್ಕ. ಸೂತ್ರ ಎಲ್ಲರಿಗೂ ಗೊತ್ತಿರುವುದೇ:

```
l + (f1 − f0) / (2f1 − f0 − f2) × h
```

ಅತಿ ಹೆಚ್ಚು ಆವೃತ್ತಿ 23, ಅದು f1. ಅದರ ಹಿಂದಿನದು 16, ಅದು f0. ಮುಂದಿನದು 18, ಅದು f2. l ಅಂದರೆ 23 ಇರುವ ವರ್ಗಾಂತರದ ಕೆಳಮಿತಿ, h ಅದರ ಗಾತ್ರ. ಮೇಲೆ 7, ಕೆಳಗೆ 46 − 16 − 18, ಅಂದರೆ 12. ಇಲ್ಲಿ ಜನ ಎಡವುವುದು ಕ್ಯಾಲ್ಕುಲೇಟರಿನಲ್ಲಿ. ಕಂಸ ಇಲ್ಲದೆ 23 − 16 ÷ 46 − 16 − 18 × 10 ಅಂತ ಸಾಲಾಗಿ ಒತ್ತಿದರೆ, ಒತ್ತಿದ ಹಾಗೇ ಲೆಕ್ಕ ಹಾಕುವ ಸಾದಾ ಕ್ಯಾಲ್ಕುಲೇಟರ್ −338.48 ತೋರಿಸುತ್ತದೆ. ಇದು ಒಳ್ಳೇ ತಪ್ಪು, ಕಂಡ ಕೂಡಲೇ ಗೊತ್ತಾಗುತ್ತದೆ.

ನನಗೆ ಇಷ್ಟವಾಗುವುದು ಇದೇ ಸೂತ್ರವನ್ನು ವ್ಯತ್ಯಾಸಗಳಾಗಿ ಬರೆಯುವ ರೀತಿ. ದೊಡ್ಡ ಆವೃತ್ತಿ ಹಿಂದಿನದಕ್ಕಿಂತ ಎಷ್ಟು ಜಾಸ್ತಿ? 7. ಮುಂದಿನದಕ್ಕಿಂತ ಎಷ್ಟು ಜಾಸ್ತಿ? 5. ಎರಡೂ ಸೇರಿ 12. ಕೆಳಮಿತಿಯಿಂದ ಹನ್ನೆರಡರಲ್ಲಿ ಏಳು ಪಾಲು ಮುಂದೆ ಹೋದರೆ ಬಹುಲಕ ಸಿಕ್ಕಿತು. ಛೇದ ಅದೇ 12, ಆದರೆ ಎರಡರಿಂದ ಗುಣಿಸುವ ಗೊಡವೆಯೇ ಇಲ್ಲ. ಬಾಯಿಲೆಕ್ಕದಲ್ಲೇ ಆಗುತ್ತದೆ.

ಜೊತೆಗೆ ಒಂದು ಪರೀಕ್ಷೆ ಸುಮ್ನೆ ಸಿಗುತ್ತದೆ. ಅಕ್ಕಪಕ್ಕದ ಎರಡು ಆವೃತ್ತಿಗಳಲ್ಲಿ ಯಾವುದು ದೊಡ್ಡದೋ ಬಹುಲಕ ಆ ಕಡೆಗೆ ವಾಲಬೇಕು. ಇಲ್ಲಿ 18 ದೊಡ್ಡದು, ಅಂದರೆ ಉತ್ತರ ವರ್ಗಾಂತರದ ನಡುವಿನ 35.5ಕ್ಕಿಂತ ಮೇಲಿರಬೇಕು. ಗಡಿಬಿಡಿಯಲ್ಲಿ 7ರ ಬದಲು 5 ಹಾಕಿದರೆ 34.67 ಬರುತ್ತದೆ. ವರ್ಗಾಂತರದ ಒಳಗೇ ಇದ್ದರೂ ತಪ್ಪು ಕಡೆಗೆ ವಾಲಿದೆ, ಅಲ್ಲೇ ಗೊತ್ತಾಯಿತು.

ಕೆಳಮಿತಿಯ ವಿಷಯ ಸ್ವಲ್ಪ ಸೂಕ್ಷ್ಮ. 30ಕ್ಕೂ 31ಕ್ಕೂ ನಡುವೆ ಸಂದು ಇರುವುದರಿಂದ ನಿಜವಾದ ಗಡಿ 30.5, ಗಾತ್ರ 10. ಹಾಗಾಗಿ ಉತ್ತರ 30.5 + 5.83, ಅಂದರೆ 36.33. ಇದನ್ನು ಗಮನಿಸದೆ 31 ಮತ್ತು 10 ಹಾಕಿದರೆ 36.83. ಇನ್ನೂ ತಮಾಷೆಯೆಂದರೆ 31 ಮತ್ತು 9 ಹಾಕಿದರೆ 36.25 ಬರುತ್ತದೆ. ಸರಿಯುತ್ತರಕ್ಕೆ ಎಷ್ಟು ಹತ್ತಿರ ನೋಡಿ! ಎರಡು ತಪ್ಪು ಒಂದನ್ನೊಂದು ತಿಂದುಕೊಂಡಿವೆ. ಎಡಬಲದ ವ್ಯತ್ಯಾಸ ಸಮವಾಗಿದ್ದರಂತೂ ಉತ್ತರ ಕರಾರುವಾಕ್ಕಾಗಿ ಒಂದೇ ಬರುತ್ತದೆ, ತಪ್ಪು ಇದೆ ಅಂತಲೇ ತಿಳಿಯುವುದಿಲ್ಲ. ಮೇಲಿನ ಸ್ಪ್ರೆಡ್‌ಶೀಟ್ ಸೂತ್ರದಲ್ಲಿ `A5-0.5` ಇರುವುದು ಇದಕ್ಕೇ. 30–40, 40–50 ಅಂತ ಗಡಿ ಕೂಡಿಕೊಂಡಿರುವ ಕೋಷ್ಟಕಕ್ಕೆ ಅದನ್ನು ತೆಗೆಯಬೇಕು.

ಈ ತಪ್ಪು ಎದ್ದು ಕಾಣುವುದು ಹಿಸ್ಟೋಗ್ರಾಮ್‌ನಲ್ಲಿ. 1ರಿಂದ 10, 11ರಿಂದ 20 ಅಂತ ಎಳೆದರೆ ಕಂಬಗಳ ನಡುವೆ ಸಂದು ಬೀಳುತ್ತದೆ. ಅದನ್ನು ಮುಚ್ಚಲು ಗಡಿಯನ್ನು 30.5ಕ್ಕೆ ಸರಿಸಲೇಬೇಕು. ಆಮೇಲೆ ಎತ್ತರದ ಕಂಬದ ಎಡ ಮೂಲೆಯನ್ನು ಬಲಗಡೆ ಕಂಬದ ಎಡ ಮೂಲೆಗೆ, ಬಲ ಮೂಲೆಯನ್ನು ಎಡಗಡೆ ಕಂಬದ ಬಲ ಮೂಲೆಗೆ ಗೆರೆ ಎಳೆದು ಸೇರಿಸಿ. ಗೆರೆಗಳು ಕೂಡುವ ಜಾಗದಿಂದ ನೇರ ಕೆಳಗಿಳಿದರೆ ಬಹುಲಕ. ಸೂತ್ರ ಲೆಕ್ಕ ಹಾಕುವುದೂ ಇದೇ ಬಿಂದುವನ್ನೇ. ಆದರೆ ಒಂದು ಸೆಂಟಿಮೀಟರಿಗೆ 5 ಅಂಕ ಇಟ್ಟರೆ "ಸುಮಾರು 36" ಅಂತ ಓದಬಹುದು ಅಷ್ಟೇ, 36.33 ಅಲ್ಲ. ಸಮಯವೂ ಹಿಡಿಯುತ್ತದೆ. ಉತ್ತರಕ್ಕಾಗಿ ನಾನು ಇದನ್ನು ಎಳೆಯುವುದಿಲ್ಲ. ಸೂತ್ರ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ಮಾತ್ರ ಗ್ರಾಫ್ ಹಾಳೆ ತೆಗೆಯುತ್ತೇನೆ.

ಒಂದು ಕೋಷ್ಟಕಕ್ಕೆ ನನ್ನ ಆಯ್ಕೆ ಕೈಲೆಕ್ಕ, ಅದೂ ವ್ಯತ್ಯಾಸದ ರೀತಿ. ಫೋಟೋವನ್ನು ದೊಡ್ಡದು ಮಾಡಿ ಆರು ಅಂಕಿ ಬರೆದುಕೊಳ್ಳುವುದಕ್ಕಿಂತ ಆ್ಯಪ್ ಕೊಟ್ಟಿದ್ದನ್ನು ತಿದ್ದುವುದಕ್ಕೇ ಹೊತ್ತು ಜಾಸ್ತಿ ಬೇಕು. ಸಾಲುಗಳು ಉದ್ದಕ್ಕಿದ್ದು, ಕೋಷ್ಟಕಗಳೂ ಹಲವಾರಿದ್ದರೆ ಸ್ಪ್ರೆಡ್‌ಶೀಟೇ ಸರಿ. ಆಗ ದೊಡ್ಡ ಆವೃತ್ತಿಯನ್ನು `MATCH(MAX(C2:C7),C2:C7,0)` ಹುಡುಕಿಕೊಡುತ್ತದೆ. ಆದರೆ 23 ಎರಡು ಕಡೆ ಇದ್ದರೆ ಅದು ಮೊದಲನೆಯದನ್ನು ಮಾತ್ರ ತೋರಿಸಿ ಸುಮ್ಮನಾಗುತ್ತದೆ. ವರ್ಗಾಂತರಗಳ ಗಾತ್ರ ಬೇರೆ ಬೇರೆ ಇದ್ದರೆ ಮೂರೂ ದಾರಿ ಕೈಕೊಡುತ್ತವೆ. ಅಂಥ ಕಡೆ ಆವೃತ್ತಿಯನ್ನು ಮೊದಲು ಅದರದರ ಗಾತ್ರದಿಂದ ಭಾಗಿಸಿ, ಆಮೇಲೆ ಯಾವುದು ಎತ್ತರ ಅಂತ ನೋಡಬೇಕು.