ತೆರಿಗೆ ಕಾಗದ ಕೇಳುವ ಮೆಸೇಜು: ಮಾತಿನ ಧಾಟಿಯೋ, ಪಟ್ಟಿಯೋ?

2025-26ರಲ್ಲಿ ಮಧ್ಯದಲ್ಲೇ ಕೆಲಸ ಬದಲಿಸಿ, ಮ್ಯೂಚುವಲ್ ಫಂಡ್ ಮಾರಿದ ಸಂಬಳದಾರರೊಬ್ಬರ ತೆರಿಗೆ ರಿಟರ್ನ್ ನೀವು ಸಿದ್ಧಪಡಿಸುತ್ತಿದ್ದೀರಿ, ಅದಕ್ಕೆ ಅವರಿಂದ ಕಾಗದ ಕೇಳಬೇಕು ಎಂದುಕೊಳ್ಳಿ.

ಸಾಮಾನ್ಯವಾಗಿ ಹೋಗುವ ಮೆಸೇಜು: "ಸರ್, ಫಾರ್ಮ್ 16, ಬ್ಯಾಂಕ್ ಡೀಟೇಲ್ಸ್, ಫಂಡ್‌ದು ಇನ್ನೂ ಬಂದಿಲ್ಲ. ಬೇಗ ಕಳಿಸಿ."

ತಿದ್ದಿದ ಪಟ್ಟಿ: "ಸರ್, ಜೂನ್ 25ರೊಳಗೆ ಈ ಮೂರು ಬಗೆಯ ಪಿಡಿಎಫ್‌ಗಳು ಬೇಕು.
☐ ಫಾರ್ಮ್ 16: ಹಳೆಯ ಮತ್ತು ಹೊಸ ಕಂಪನಿ, ಎರಡರದ್ದೂ, ಭಾಗ ಎ ಮತ್ತು ಬಿ
☐ ಬಡ್ಡಿ ಪ್ರಮಾಣಪತ್ರ: ಎಫ್‌ಡಿ ಇರುವ ಪ್ರತಿ ಬ್ಯಾಂಕಿನದು, 1-4-2025ರಿಂದ 31-3-2026
☐ ಫಂಡ್ ಮಾರಾಟದ ಕ್ಯಾಪಿಟಲ್ ಗೇನ್ಸ್ ಸ್ಟೇಟ್‌ಮೆಂಟ್: ಅದೇ ಅವಧಿ
ಪ್ಯಾನ್, ಬ್ಯಾಂಕ್ ಖಾತೆ ಸಂಖ್ಯೆ ತಲುಪಿವೆ, ಮತ್ತೆ ಬೇಡ."

ಮೊದಲನೆಯದಕ್ಕೆ ಬಹುಪಾಲು ಹೊಸ ಕಂಪನಿಯ ಫಾರ್ಮ್ ಮಾತ್ರ ಬರುತ್ತದೆ. ದೊಡ್ಡ ತೊಂದರೆ ಇಲ್ಲೇ. ಹಿಂದಿನ ಸಂಬಳವನ್ನು ಹೊಸ ಕಂಪನಿಗೆ ತಿಳಿಸದಿದ್ದರೆ ಎರಡೂ ಕಂಪನಿಗಳು ಸ್ಟ್ಯಾಂಡರ್ಡ್ ಡಿಡಕ್ಷನ್ ಮತ್ತು ಕೆಳ ಸ್ಲ್ಯಾಬ್‌ಗಳ ಲಾಭ ಕೊಟ್ಟಿರುತ್ತವೆ. ಎರಡನ್ನೂ ಕೂಡಿಸಿದಾಗ ತೆರಿಗೆ ಬಾಕಿ ಕಾಣುತ್ತದೆ. ಒಂದನ್ನೇ ತೋರಿಸಿ ಸಲ್ಲಿಸಿದರೆ, ತೆರಿಗೆ ಇಲಾಖೆಯ ಬಳಿಯಿರುವ ವಾರ್ಷಿಕ ಮಾಹಿತಿ ವಿವರವಾದ ಎಐಎಸ್ ಜತೆ ತಾಳೆಯಾಗದೆ ನೋಟಿಸ್ ಬರಬಹುದು. "ಬ್ಯಾಂಕ್ ಡೀಟೇಲ್ಸ್" ಅಂದರೆ ಕೆಲವರು ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಕಳಿಸುತ್ತಾರೆ. ಅದರಲ್ಲಿ ಬಡ್ಡಿಯೇ ಇಲ್ಲ.

"ತಲುಪಿವೆ" ಎಂಬ ಕೊನೆಯ ಸಾಲನ್ನು ಬಿಡಬೇಡಿ. ಅದಿಲ್ಲದಿದ್ದರೆ ಕಳಿಸಿದ್ದನ್ನೇ ಮತ್ತೆ ಕಳಿಸುತ್ತಾರೆ. ಕಂಪನಿಗಳಿಗೆ ಫಾರ್ಮ್ 16 ಕೊಡಲು ಜೂನ್ 15ರವರೆಗೆ ಅವಕಾಶವಿದೆ, ಅದಕ್ಕೆ ಮೊದಲು ಒತ್ತಾಯಿಸಿ ಫಲವಿಲ್ಲ.

ಒಂದೇ ಕಾಗದ ಬಾಕಿಯಿದ್ದು ಅದರ ಹೆಸರು, ಅವಧಿ ಎರಡೂ ಹೇಳಿದ್ದರೆ ಮಾತಿನ ಮೆಸೇಜೇ ಸಾಕು. ಎರಡು ದಾಟಿದರೆ ಪಟ್ಟಿಯನ್ನೇ ಕಳಿಸಿ.